ಬ್ರೆಡ್ ಲೈನ್ ಬಿಟ್ಟೆ, ಬೇಕರಿ ಭದ್ರವಾಯಿತು

ಬಾಗಲಕೋಟೆ ನವನಗರದಲ್ಲಿ ನನ್ನ ಬೇಕರಿ. ಅಂಗಡಿಗಳಿಗೆ ಬ್ರೆಡ್ ಹಾಕುವ ಲೈನ್ ನಿಲ್ಲಿಸುತ್ತೇನೆ ಅಂದಾಗ ಪಕ್ಕದ ಹೋಲ್‌ಸೇಲ್ ಅಂಗಡಿಯವರು ನಕ್ಕರು. "ಲೈನ್ ಬಿಟ್ಟರ ವ್ಯಾಪಾರ ಬಿಟ್ಟಂಗ ಅಲ್ರೀ ಅಣ್ಣಾರ?" ಅಂದರು. ತಿಂಗಳ ವ್ಯಾಪಾರ ಹತ್ತಿರ ಹತ್ತಿರ 60 ಸಾವಿರ ಇಳಿಯಿತು, ಅದು ನಿಜ. ಆದರೂ ಈಗ ನಾನು ಮೊದಲಿಗಿಂತ ನೆಮ್ಮದಿಯಾಗಿದ್ದೇನೆ. ಯಾಕೆ ಅಂತ ಲೆಕ್ಕದಲ್ಲೇ ಹೇಳುತ್ತೇನೆ. ಅಂಕಿಗಳು ನೆನಪಿನಿಂದ ಬರೆದದ್ದು, ಸ್ವಲ್ಪ ಹಿಂದೆಮುಂದೆ ಇರಬಹುದು.

ಆಗ ನನ್ನ ವ್ಯಾಪಾರ ತಿಂಗಳಿಗೆ ನಾಲ್ಕೂವರೆ ಲಕ್ಷದ ಆಸುಪಾಸು. ಮೈದಾ, ಸಕ್ಕರೆ, ಡಾಲ್ಡಾ, ತತ್ತಿ, ಗ್ಯಾಸ್, ಪ್ಯಾಕಿಂಗ್, ಪೆಟ್ರೋಲ್ ಎಲ್ಲಾ ಕಳೆದರೆ ರೂಪಾಯಿಗೆ 38 ಪೈಸೆ ಉಳಿಯುತ್ತಿತ್ತು. ಆ ದುಡ್ಡಿನಲ್ಲೇ ಬಾಡಿಗೆ, ಮಾಸ್ಟರ್ ಮತ್ತು ಹುಡುಗರ ಪಗಾರ, ಭಟ್ಟಿ ಸಾಲದ ಕಂತು, ಕರೆಂಟು ಎಲ್ಲಾ ತೀರಬೇಕು. ವ್ಯಾಪಾರ ಆಗಲಿ ಬಿಡಲಿ, ಈ ಖರ್ಚು ನಿಲ್ಲುವುದಿಲ್ಲ. ಮನೆಗೆ ಒಯ್ಯುವ 25 ಸಾವಿರವೂ ಸೇರಿದರೆ ಒಂದೂವರೆ ಲಕ್ಷ.

ಆ 25 ಸಾವಿರವನ್ನು ನಮ್ಮಲ್ಲಿ ಬಹಳ ಮಂದಿ ಖರ್ಚಿಗೆ ಹಿಡಿಯುವುದೇ ಇಲ್ಲ. ಉಳಿದದ್ದು ನಮ್ಮದು ಅಂತ ಸುಮ್ನೆ ಇರುತ್ತಾರೆ. ಆದರೆ ಮಕ್ಕಳ ಫೀಸು ವ್ಯಾಪಾರ ನೋಡಿ ಬರುವುದಿಲ್ಲ ಅಲ್ವಾ? ಅದನ್ನು ಬಿಟ್ಟು ಲೆಕ್ಕ ಹಾಕಿದರೆ ನನ್ನ ಬೇಕರಿ ಬಹಳ ಗಟ್ಟಿ ಅನ್ನಿಸುತ್ತಿತ್ತು. ಸೇರಿಸಿದರೆ ಬೇರೆಯೇ ಚಿತ್ರ. ಒಂದೂವರೆ ಲಕ್ಷವನ್ನು 0.38 ರಿಂದ ಭಾಗಿಸಿದರೆ ಸುಮಾರು 3 ಲಕ್ಷ 95 ಸಾವಿರ. ಅಷ್ಟು ವ್ಯಾಪಾರ ಆದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಅದೇ ನನ್ನ ಗೆರೆ. ಅದರ ಮೇಲೆ ನನಗಿದ್ದದ್ದು ಬರೀ 55 ಸಾವಿರ, ಅಂದರೆ ನೂರಕ್ಕೆ 12. ಇದೇ ಮಾರ್ಜಿನ್ ಆಫ್ ಸೇಫ್ಟಿ. ವ್ಯಾಪಾರ ನೂರಕ್ಕೆ 12 ಇಳಿದರೆ ಲಾಭ ಮುಗಿಯಿತು.

ಆ ಶ್ರಾವಣದಲ್ಲಿ ನೂರಕ್ಕೆ 20 ಇಳಿಯಿತು. ಶ್ರಾವಣದಲ್ಲಿ ತತ್ತಿ ಪಫ್, ಕೇಕು ಕಡಿಮೆ ಹೋಗುವುದು ನಮಗೆಲ್ಲ ಗೊತ್ತಿದ್ದದ್ದೇ. ಪಂಚಮಿಗೆ ಮನೆಮನೆಯಲ್ಲಿ ಡಬ್ಬಿ ತುಂಬ ಉಂಡಿ ಇರುವಾಗ ನಾನ್‌ಖಟಾಯಿ ಯಾರಿಗೆ ಬೇಕು? ಆ ಸಲ ಕಾಲೇಜಿನ ರಜೆಯೂ ಅದೇ ತಿಂಗಳಿಗೆ ಬಂತು. ವಿದ್ಯಾಗಿರಿ ಕಡೆಯ ಹಾಸ್ಟೆಲ್ ಹುಡುಗರು ಊರಿಗೆ ಹೋದರು. ಜೊತೆಗೆ ಜಿಟಿಜಿಟಿ ಮಳೆ, ಸಂಜೆ ಕೌಂಟರ್ ಖಾಲಿ. ವ್ಯಾಪಾರ 3 ಲಕ್ಷ 60 ಸಾವಿರಕ್ಕೆ ನಿಂತಿತು. ವಾಪಸ್ ಬಂದ ಮಾಲು, ಕೆಟ್ಟ ಮಾಲು ಸೇರಿ ರೂಪಾಯಿಗೆ ಉಳಿಯುವುದೂ 36 ಪೈಸೆಗೆ ಇಳಿಯಿತು. ತಿಂಗಳ ಕೊನೆಗೆ 20 ಸಾವಿರ ಕೈಯಿಂದ ಹಾಕಬೇಕಾಯಿತು. ನನ್ನ ಲೆಕ್ಕ ಬರೆಯುವ ಗೆಳೆಯ ಇದನ್ನೆಲ್ಲ ಒಂದು ಹಾಳೆಯ ಮೇಲೆ ಬಿಡಿಸಿ ತೋರಿಸಿದ್ದು ಆಗಲೇ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಮೊದಲನೆಯದು, ಆಫರ್ ಹಾಕು ಅನ್ನುವುದು. ನೂರಕ್ಕೆ 10 ಕಡಿಮೆ ಅಂತ ಒಂದು ವಾರ ಬೋರ್ಡ್ ಹಾಕಿದೆ. ಜನ ಬಂದರು. ಆದರೆ 100 ರೂಪಾಯಿ ಮಾಲಿನ ಖರ್ಚು 62. ಅದನ್ನು 90ಕ್ಕೆ ಕೊಟ್ಟರೆ ಉಳಿಯುವುದು 28. ಅಂದರೆ ರೂಪಾಯಿಗೆ 31 ಪೈಸೆ. ಈ ಲೆಕ್ಕದಲ್ಲಿ ನನ್ನ ಖರ್ಚು ತೀರಲು ತಿಂಗಳಿಗೆ 4 ಲಕ್ಷ 80 ಸಾವಿರ ವ್ಯಾಪಾರ ಬೇಕು. ಒಳ್ಳೆಯ ತಿಂಗಳಲ್ಲೂ ನಾನು ಅಷ್ಟು ಮುಟ್ಟಿದವನಲ್ಲ! ಬೋರ್ಡ್ ತೆಗೆದೆ.

ಎರಡನೆಯದು, ಮಾಸ್ಟರ್ ಪಗಾರ ಕಡಿಮೆ ಮಾಡಿ ಮೈದಾ ಚೀಲಕ್ಕೆ ಇಷ್ಟು ಅಂತ ಕೊಡು ಅನ್ನುವುದು. ಕೇಳಲು ಚಂದ. ಸ್ಥಿರ ಖರ್ಚು 9 ಸಾವಿರ ಇಳಿಯಿತು. ಆದರೆ ಅದೇ 9 ಸಾವಿರ ಚೀಲದ ಲೆಕ್ಕದಲ್ಲಿ ಹೋಗುವುದರಿಂದ 38 ಪೈಸೆ 36 ಆಯಿತು. ಗೆರೆ 3 ಲಕ್ಷ 95 ರಿಂದ 3 ಲಕ್ಷ 92ಕ್ಕೆ ಬಂತು, ಅಷ್ಟೇ. ಮೂರು ಸಾವಿರಕ್ಕಾಗಿ ಮಾಸ್ಟರ್ ಮುಖ ಗಂಟು ಹಾಕಿಕೊಂಡದ್ದು ಬೇರೆ. ಮತ್ತೆ ಹಳೆಯ ಪಗಾರಕ್ಕೇ ಬಂದೆ.

ಆಮೇಲೆ ಒಂದೊಂದೇ ಮಾಲು ಹಿಡಿದು ಕೂತೆ. ಬ್ರೆಡ್ ಹತ್ತಿರ ನಿಂತುಹೋದೆ. ಅಂಗಡಿಗೆ ನಾನು ಒಂದು ಬ್ರೆಡ್ಡನ್ನು 32 ರೂಪಾಯಿಗೆ ಹಾಕುತ್ತಿದ್ದೆ. ಮೈದಾದಿಂದ ಪ್ಯಾಕೆಟ್‌ವರೆಗೆ ನನ್ನ ಖರ್ಚು 24. ಎಂಟು ರೂಪಾಯಿ ಉಳಿಯಿತು ಅಂತ ಎಲ್ಲರೂ ತಿಳಿಯುತ್ತಾರೆ. ಆದರೆ ಹತ್ತರಲ್ಲಿ ಒಂದು ವಾಪಸ್. ಹತ್ತು ಬ್ರೆಡ್ಡಿಗೆ ಖರ್ಚು 240, ಒಂಬತ್ತಕ್ಕೆ ಬರುವ ದುಡ್ಡು 288. ಉಳಿದದ್ದು 48. ಪೆಟ್ರೋಲ್ 14 ಕಳೆದರೆ 34. ಅಂದರೆ ರೂಪಾಯಿಗೆ ಬರೀ 12 ಪೈಸೆ. 60 ಸಾವಿರದ ಲೈನಿನಿಂದ ತಿಂಗಳಿಗೆ 7 ಸಾವಿರ ಚಿಲ್ಲರೆ ಬರುತ್ತಿತ್ತು. ಲೈನ್ ಹುಡುಗನ ಪಗಾರ 11 ಸಾವಿರ, ಬೈಕಿನ ಕಂತು 3 ಸಾವಿರ. ಉದ್ರಿ ಬೇರೆ, ಅದನ್ನು ಇಲ್ಲಿ ಹಿಡಿದೇ ಇಲ್ಲ.

ಒಂದು ಎಚ್ಚರ. ಲೈನ್ ನಿಲ್ಲಿಸಿದರೆ ಆ 14 ಸಾವಿರ ನಿಜವಾಗಿ ನಿಲ್ಲಬೇಕು. ಹುಡುಗನನ್ನು ಕೌಂಟರಿಗೆ ಹಾಕಿಕೊಂಡು ಪಗಾರ ಕೊಡುತ್ತಿದ್ದರೆ ಈ ಲೆಕ್ಕ ಉಲ್ಟಾ ಆಗುತ್ತದೆ, ಮೊದಲಿಗಿಂತ ಕೆಡುತ್ತದೆ. ನನ್ನ ಹುಡುಗ ಬೇರೆ ಕಡೆ ಡ್ರೈವರ್ ಕೆಲಸಕ್ಕೆ ಹೋದ. ಬೈಕನ್ನು ಕೊಂಡವರೇ ಉಳಿದ ಕಂತು ಹೊತ್ತರು.

ಲೈನ್ ಬಿಟ್ಟ ಮೇಲೆ ವ್ಯಾಪಾರ 3 ಲಕ್ಷ 90 ಸಾವಿರ. ಕಡಿಮೆ ಉಳಿಕೆಯ ಮಾಲು ಹೋದದ್ದಕ್ಕೆ ರೂಪಾಯಿಗೆ ಉಳಿಯುವುದು 42 ಪೈಸೆಗೆ ಏರಿತು. ಸ್ಥಿರ ಖರ್ಚು 1 ಲಕ್ಷ 36 ಸಾವಿರ. ಗೆರೆ 3 ಲಕ್ಷ 24 ಸಾವಿರಕ್ಕೆ ಇಳಿಯಿತು. ನೂರಕ್ಕೆ 12 ಇದ್ದ ಅಂತರ 17 ಆಯಿತು. ವ್ಯಾಪಾರ ಇಳಿದಿತ್ತು, ಆದರೆ ತಿಂಗಳ ಲಾಭ ಏಳು ಸಾವಿರದಷ್ಟು ಜಾಸ್ತಿ.

ಬೆಳಗಿನ ಜಾವ ಭಟ್ಟಿ ಖಾಲಿ ಸಿಗತೊಡಗಿತು. ಅಲ್ಲಿ ಖಾರಾ ಟೋಸ್ಟ್, ನಾನ್‌ಖಟಾಯಿ ಹಾಕಿದೆ. ಇವು ಒಂದೇ ದಿನಕ್ಕೆ ಕೆಡುವುದಿಲ್ಲ, ಹೋಗದಿದ್ದರೆ ನಾಳೆ ಹೋಗುತ್ತವೆ. ಟೋಸ್ಟ್ ಪೂರ್ತಿ ತಣ್ಣಗಾಗುವ ಮುಂಚೆ ಪ್ಯಾಕ್ ಮಾಡಿದರೆ ಮಾತ್ರ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಅದು ನಿಮಗೂ ಗೊತ್ತು. ನನ್ನ ಖಾರದ ಮಸಾಲೆಯ ಅಳತೆ ಇಲ್ಲಿ ಹೇಳುವುದಿಲ್ಲ, ಮಾಸ್ಟರ್‌ಗೂ ಪುಡಿ ಮಾಡಿಯೇ ಕೊಡುತ್ತೇನೆ.

ನಡುವೆ ಜೋಳದ ಬಿಸ್ಕತ್ತಿನ ಹುಚ್ಚೂ ಹತ್ತಿತ್ತು. ಪೂರ್ತಿ ಜೋಳದ ಹಿಟ್ಟಿನಲ್ಲಿ ಮಾಡಿದ್ದು ಟ್ರೇ ಎತ್ತುವಾಗಲೇ ಪುಡಿಯಾಯಿತು. ಜೋಳಕ್ಕೆ ಮೈದಾದಂತೆ ಹಿಡಿತ ಇಲ್ಲ. ಅರ್ಧ ಮೈದಾ ಬೆರೆಸಿದ ಮೇಲೆ ನಿಂತಿತು. ರುಚಿ ಚೆನ್ನಾಗಿದೆ, ಆದರೆ ತುಪ್ಪ ಜಾಸ್ತಿ ಕುಡಿಯುತ್ತದೆ. ಹೇಳಿದವರಿಗೆ ಮಾತ್ರ ಮಾಡುತ್ತೇನೆ.

ಹೊಸ ಮಾಲು ಸೇರಿ ವ್ಯಾಪಾರ 4 ಲಕ್ಷ 20 ಸಾವಿರಕ್ಕೆ ಬಂತು, ಅಂತರ ನೂರಕ್ಕೆ 23 ಆಯಿತು. ಮುಂದಿನ ಶ್ರಾವಣದಲ್ಲಿ ವ್ಯಾಪಾರ 3 ಲಕ್ಷ 40 ಸಾವಿರಕ್ಕೆ ಇಳಿಯಿತು. ಹಿಂದಿನ ಸಲ ನಷ್ಟ ಮಾಡಿದ ತಿಂಗಳಿಗಿಂತಲೂ ಕಡಿಮೆ. ಆದರೂ ಎಲ್ಲ ಖರ್ಚು ಕಳೆದು ಏಳು ಸಾವಿರದ ಹತ್ತಿರ ಉಳಿಯಿತು. ನಕ್ಕಿದ್ದ ಹೋಲ್‌ಸೇಲ್‌ನವರು ಈಗ ತಮ್ಮದೇ ಲೆಕ್ಕದ ಹಾಳೆ ಹಿಡಿದು ನನ್ನ ಹತ್ತಿರ ಬರುತ್ತಾರೆ.

ಈಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ ಖಾಲಿ ಇದೆ, ಎರಡನೇ ಕೌಂಟರ್ ಮಾಡು ಅಂತ ಮನೆಯವರ ಆಸೆ. ಬಾಡಿಗೆ 18 ಸಾವಿರ, ಒಬ್ಬ ಹುಡುಗನಿಗೆ 12. ಈ 30 ಸಾವಿರ ತೀರಬೇಕೆಂದರೆ ಅಲ್ಲಿ ತಿಂಗಳಿಗೆ 71 ಸಾವಿರ ವ್ಯಾಪಾರ ಆಗಬೇಕು, ಅದೂ ಈಗಿನ ಗಿರಾಕಿ ಆ ಕಡೆ ಸರಿಯದೆ. ಮೊದಲು ಸಂಜೆ ಹೊತ್ತು ಅಲ್ಲಿ ಒಂದು ತಳ್ಳುಗಾಡಿ ಇಟ್ಟು ನೋಡುತ್ತೇನೆ ಅಂದಿದ್ದೇನೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.