ಗರಿಷ್ಠ ಎಕ್ಸಾರ್ ಹುಡುಕಲು ಬೈನರಿ ಟ್ರೈ: ಮೊದಲು ಸೊನ್ನೆ ತುಂಬಿಸಿ, ಆಮೇಲೆ ಮರ ಕಟ್ಟಿ

ಒಂದು ಅರೇ ಕೊಟ್ಟಿದ್ದಾರೆ. ಅದರ ಯಾವ ಎರಡು ಸಂಖ್ಯೆಗಳನ್ನು ಎಕ್ಸಾರ್ ಮಾಡಿದರೆ ಅತಿ ದೊಡ್ಡ ಉತ್ತರ ಸಿಗುತ್ತದೆ? ಇದಕ್ಕೆ ಬೈನರಿ ಟ್ರೈ ಬಳಸಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತು. ಆದರೂ ಅವರ ಕೋಡ್ ತಪ್ಪು ಉತ್ತರ ಕೊಡುತ್ತದೆ. ಅಂಥ ಕೋಡ್ ತೆರೆದು ನೋಡಿದಾಗಲೆಲ್ಲ ನನಗೆ ಹೆಚ್ಚಾಗಿ ಕಾಣುವುದು ಒಂದೇ ತಪ್ಪು. ಸಂಖ್ಯೆಗಳನ್ನು ಒಂದೇ ಅಗಲಕ್ಕೆ ತರದೆ ಟ್ರೈಗೆ ಸೇರಿಸಿರುತ್ತಾರೆ.

ಐದು ಸಂಖ್ಯೆ ಇಟ್ಟುಕೊಂಡು ನೋಡೋಣ.

```
 6  00110
 9  01001
14  01110
19  10011
21  10101
```

ಎಲ್ಲ ಜೋಡಿಗಳನ್ನೂ ಪರೀಕ್ಷಿಸಿದರೆ ಇಲ್ಲಿ 10 ಜೋಡಿ, ಕೈಯಲ್ಲೇ ಮುಗಿಯುತ್ತದೆ. ಅರೇಯಲ್ಲಿ 2 ಲಕ್ಷ ಸಂಖ್ಯೆ ಇದ್ದರೆ ಸುಮಾರು 2,000 ಕೋಟಿ ಜೋಡಿ ಆಗುತ್ತದೆ. ಹಾಗಾಗಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ: ಸಾರ್ಟ್ ಮಾಡಿ ಅತಿ ದೊಡ್ಡದನ್ನೂ ಅತಿ ಚಿಕ್ಕದನ್ನೂ ಎಕ್ಸಾರ್ ಮಾಡುವುದು. ಇಲ್ಲಿ 21 ಮತ್ತು 6 ತೆಗೆದುಕೊಂಡರೆ 19 ಬರುತ್ತದೆ. ಅತಿ ದೊಡ್ಡ ಎರಡನ್ನು, ಅಂದರೆ 19 ಮತ್ತು 21 ತೆಗೆದುಕೊಂಡರೆ ಬರೀ 6. ಸರಿಯಾದ ಉತ್ತರ 29. ಸಾರ್ಟ್ ಮಾಡುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ.

ಹಂತ 1: ಅಗಲ ಗೊತ್ತುಮಾಡಿ

ಅರೇಯ ಅತಿ ದೊಡ್ಡ ಸಂಖ್ಯೆಗೆ ಎಷ್ಟು ಬಿಟ್ ಬೇಕೋ ಅಷ್ಟೇ ಎಲ್ಲದಕ್ಕೂ. ನಮ್ಮಲ್ಲಿ 21 ದೊಡ್ಡದು, ಅದಕ್ಕೆ 5 ಬಿಟ್ ಬೇಕು. ಆದ್ದರಿಂದ 6 ಕೂಡ 00110 ಆಗಿಯೇ ಒಳಗೆ ಹೋಗಬೇಕು, 110 ಆಗಿ ಅಲ್ಲ.

ಸೊನ್ನೆ ತುಂಬಿಸದಿದ್ದರೆ ಏನಾಗುತ್ತದೆ ನೋಡಿ. 6 ಅಂದರೆ 110, 19 ಅಂದರೆ 10011. ಎರಡರ ಮೊದಲ ಬಿಟ್ಟೂ ಟ್ರೈಯ ಮೊದಲ ಮಟ್ಟದಲ್ಲಿ ಕೂರುತ್ತದೆ. ಆದರೆ 6ರ ಆ ಬಿಟ್‌ನ ಬೆಲೆ 4, 19ರದ್ದು 16. ಬೇರೆ ಬೇರೆ ಬೆಲೆಯ ಬಿಟ್‌ಗಳು ಒಂದೇ ಮಟ್ಟದಲ್ಲಿ ಸೇರಿಕೊಂಡ ಮೇಲೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ. ಇನ್ನೊಂದು ವಿಷಯ: ಸೊನ್ನೆ ತುಂಬಿಸದೆ ಬರೆದ ಯಾವುದೇ ಧನಸಂಖ್ಯೆ 1ರಿಂದಲೇ ಶುರುವಾಗುತ್ತದೆ. ಅಂದರೆ ರೂಟ್‌ಗೆ 0 ಕಡೆಯ ಕವಲೇ ಇರುವುದಿಲ್ಲ. ತಪ್ಪು ಹಿಡಿಯಲು ಇದೇ ಸುಲಭದ ಗುರುತು. ಸಣ್ಣ ದೊಡ್ಡ ಸಂಖ್ಯೆಗಳು ಬೆರೆತ ಅರೇ ಕೊಟ್ಟಾಗಲೂ ರೂಟ್‌ಗೆ ಒಂದೇ ಮಗು ಇದ್ದರೆ ಅಗಲ ತಪ್ಪಿದೆ ಅಂತ ತಿಳಿಯಿರಿ.

ಬೈನರಿಯನ್ನು ಸ್ಟ್ರಿಂಗ್ ಮಾಡಿಕೊಂಡು ಅಕ್ಷರ ಅಕ್ಷರವಾಗಿ ಸೇರಿಸುವವರಿಗೇ ಈ ತೊಂದರೆ ಜಾಸ್ತಿ. ಸ್ಟ್ರಿಂಗ್ ಬೇಡವೇ ಬೇಡ. ಸಂಖ್ಯೆಯನ್ನು ಬಲಕ್ಕೆ ಸರಿಸಿ ಕೊನೆಯ ಬಿಟ್ ತೆಗೆದುಕೊಳ್ಳಿ: `(x >> i) & 1`. ಮುಂದಿನ ಸೊನ್ನೆಗಳು ತಾವಾಗೇ ಬರುತ್ತವೆ. ಇದರ ಬದಲು `x & (1 << i)` ಬರೆದು ಅದನ್ನೇ ಇಂಡೆಕ್ಸ್ ಮಾಡಬೇಡಿ. ಅದು 1 ಕೊಡುವ ಬದಲು 16, 8, 4 ಕೊಡುತ್ತದೆ, ಎರಡೇ ಜಾಗ ಇರುವ ನೋಡ್‌ನ ಆಚೆ ಹೋಗಿ ಬೀಳುತ್ತದೆ.

ಹಂತ 2: ಸೇರಿಸಿ

ಮೇಲಿನ ಬಿಟ್‌ನಿಂದ ಕೆಳಗೆ ಬನ್ನಿ, ಕವಲು ಇಲ್ಲದಿದ್ದರೆ ಹೊಸದು ಮಾಡಿ, ಇದ್ದರೆ ಅದರಲ್ಲೇ ಇಳಿಯಿರಿ. ಅಷ್ಟೇ.

ಹಂತ 3: ಪ್ರತಿ ಸಂಖ್ಯೆಗೂ ಜೋಡಿ ಹುಡುಕಿ

ಎರಡು ಬಿಟ್ ಬೇರೆ ಬೇರೆ ಇದ್ದರೆ ಎಕ್ಸಾರ್ 1. ಆದ್ದರಿಂದ ಪ್ರತಿ ಮಟ್ಟದಲ್ಲೂ ನಮ್ಮ ಬಿಟ್‌ಗೆ ಎದುರಿನ ಕವಲು ಬೇಕು. ಅದು ಇಲ್ಲದಿದ್ದರೆ ಮಾತ್ರ ನಮ್ಮದೇ ಬಿಟ್‌ನ ಕವಲಿಗೆ ಹೋಗಬೇಕು. 14 ಕೈಯಲ್ಲಿ ಹಿಡಿದು ಇಳಿಯೋಣ. ಅದು 01110.

ಮೊದಲ ಬಿಟ್ 0, ನಮಗೆ 1 ಬೇಕು. ಆ ಕಡೆ 19, 21 ಇವೆ, ಹೋಗುತ್ತೇವೆ. 16 ಸಿಕ್ಕಿತು. ಮುಂದಿನದು 1, ನಮಗೆ 0 ಬೇಕು. 19, 21 ಎರಡರಲ್ಲೂ ಅಲ್ಲಿ 0 ಇದೆ, 8 ಸಿಕ್ಕಿತು. ಮೂರನೆಯದು 1, ಮತ್ತೆ 0 ಬೇಕು. ಇಲ್ಲಿ 21 ಬೇರೆ ಕಡೆ ಹೋಗುತ್ತದೆ, 19 ಉಳಿಯುತ್ತದೆ, 4 ಸಿಕ್ಕಿತು. ನಾಲ್ಕನೆಯದೂ 1, ಬೇಕಾದ್ದು 0. ಆದರೆ 19ರಲ್ಲಿ ಅಲ್ಲಿ 1 ಇದೆ, 0 ಕಡೆ ಕವಲೇ ಇಲ್ಲ. 2 ಕೈತಪ್ಪಿತು, ಇರುವ ದಾರಿಯಲ್ಲೇ ಮುಂದೆ. ಕೊನೆಯದು 0, ಬೇಕಾದ್ದು 1, ಇದೆ. ಒಟ್ಟು 16 + 8 + 4 + 1 = 29.

ಮೇಲೆ ಸಿಕ್ಕಿದ್ದಕ್ಕೆ ಆಸೆಪಟ್ಟು ಕೆಳಗೆ ಜಾಸ್ತಿ ಕಳೆದುಕೊಂಡರೆ? ಹಾಗಾಗುವುದಿಲ್ಲ. ಮೇಲಿನ ಬಿಟ್ 16 ತರುತ್ತದೆ, ಕೆಳಗಿನ ನಾಲ್ಕೂ ಸೇರಿದರೂ 8 + 4 + 2 + 1 = 15. ಯಾವ ಮಟ್ಟದಲ್ಲೂ ಇದೇ ಲೆಕ್ಕ. ಅದಕ್ಕೇ ಹಿಂದೆ ಬಂದು ಇನ್ನೊಂದು ದಾರಿ ಪರೀಕ್ಷಿಸುವ ಅಗತ್ಯವೇ ಇಲ್ಲ. ಒಂದು ಸಂಖ್ಯೆಗೆ ಒಂದೇ ಸಲ ಇಳಿದರೆ ಸಾಕು.

ಅಗಲ ಒಂದೇ ಇರುವುದರ ಇನ್ನೊಂದು ಲಾಭವೂ ಇಲ್ಲೇ ಕಾಣುತ್ತದೆ. ಎಲ್ಲ ದಾರಿಯೂ ಕೊನೆಯ ಮಟ್ಟದವರೆಗೆ ಹೋಗುವುದರಿಂದ ನಡುವಿನ ಪ್ರತಿ ನೋಡ್‌ಗೂ ಒಂದಾದರೂ ಮಗು ಇದ್ದೇ ಇರುತ್ತದೆ. ಎದುರಿನ ಕವಲು ಇಲ್ಲವೆಂದರೆ ನಮ್ಮ ಕವಲು ಇದೆ ಅಂತಲೇ ಅರ್ಥ. ಮತ್ತೊಂದು `if` ಹಾಕಿ ಪರೀಕ್ಷಿಸಬೇಕಿಲ್ಲ.

```python
def max_xor(a):
    L = max(a).bit_length()
    nxt = [[0, 0]]
    for x in a:
        p = 0
        for i in range(L - 1, -1, -1):
            b = (x >> i) & 1
            if nxt[p][b] == 0:
                nxt.append([0, 0])
                nxt[p][b] = len(nxt) - 1
            p = nxt[p][b]
    best = 0
    for x in a:
        p = got = 0
        for i in range(L - 1, -1, -1):
            b = (x >> i) & 1
            if nxt[p][1 - b]:
                got |= 1 << i
                p = nxt[p][1 - b]
            else:
                p = nxt[p][b]
        best = max(best, got)
    return best
```

ಇಲ್ಲಿ 0 ಅಂದರೆ ಕವಲು ಇಲ್ಲ ಅಂತ. ರೂಟ್‌ನ ನಂಬರೂ 0 ಅಲ್ವಾ, ಗೊಂದಲ ಆಗದೇ? ಆಗುವುದಿಲ್ಲ, ಯಾವ ನೋಡ್‌ಗೂ ರೂಟ್ ಮಗು ಆಗುವುದಿಲ್ಲವಲ್ಲ. ಒಂದು ಸಂಖ್ಯೆ ತನಗೆ ತಾನೇ ಜೋಡಿಯಾಗಿಬಿಟ್ಟರೆ ಅಂತ ಹೆದರಿ ಸುಮ್ನೆ ಕೋಡ್ ಉದ್ದ ಮಾಡಬೇಡಿ. ಅದರಿಂದ ಬರುವುದು 0. ಎರಡು ಬೇರೆ ಸಂಖ್ಯೆ ಇದ್ದರೆ ಉತ್ತರ ಅದಕ್ಕಿಂತ ದೊಡ್ಡದೇ ಇರುತ್ತದೆ.

ಋಣಸಂಖ್ಯೆಗಳಿಗೆ ಈ ಕೋಡ್ ಅಲ್ಲ. ಅಲ್ಲಿ ಚಿಹ್ನೆಯ ಬಿಟ್ ಬರುತ್ತದೆ. ಒಂದು ಧನ, ಒಂದು ಋಣ ಎಕ್ಸಾರ್ ಮಾಡಿದರೆ ಉತ್ತರವೇ ಋಣವಾಗುತ್ತದೆ. ಆಗ ಮೇಲಿನ ಬಿಟ್‌ನಲ್ಲಿ ವ್ಯತ್ಯಾಸ ಹುಡುಕುವುದೇ ತಪ್ಪು.

ಹಂತ 4: ಮೆಮೊರಿ ಲೆಕ್ಕ ಹಾಕಿ

2 ಲಕ್ಷ ಸಂಖ್ಯೆ, 31 ಬಿಟ್ ಅಂದರೆ ಹೆಚ್ಚೆಂದರೆ 62 ಲಕ್ಷ ನೋಡ್. ನೋಡ್‌ಗೆ 4 ಬೈಟ್‌ನ ಎರಡು ಪೂರ್ಣಾಂಕ ಇಟ್ಟರೆ ಸುಮಾರು 50 ಎಂಬಿ. ಸಿ ಪ್ಲಸ್ ಪ್ಲಸ್ ಅಥವಾ ಜಾವಾದಲ್ಲಿ ಇದು ಆರಾಮಾಗಿ ನಡೆಯುತ್ತದೆ. ಮೇಲಿನ ಪೈಥಾನ್ ಕೋಡ್‌ನಲ್ಲಿ ಪ್ರತಿ ನೋಡ್ ಒಂದು ಬೇರೆ ಲಿಸ್ಟ್, ಅದರ ಹಲವು ಪಟ್ಟು ಜಾಗ ತಿನ್ನುತ್ತದೆ. ದೊಡ್ಡ ಅರೇ ಇದ್ದರೆ ಎರಡು ಉದ್ದನೆಯ `array` ಮಾಡಿ, ಒಂದರಲ್ಲಿ 0 ಕಡೆಯ ಮಕ್ಕಳು, ಇನ್ನೊಂದರಲ್ಲಿ 1 ಕಡೆಯವು ಇಡಿ. ಪ್ರತಿ ನೋಡ್‌ಗೂ ಡಿಕ್ಷನರಿ ಇಡುವುದಂತೂ ಬೇಡ.

ಉತ್ತರದ ಜೊತೆ ಯಾವ ಜೋಡಿ ಅಂತಲೂ ಬೇಕಾದರೆ ಟ್ರೈಯಲ್ಲಿ ಏನೂ ಸೇರಿಸಬೇಕಿಲ್ಲ. `best` ಬದಲಾದಾಗ ಆಗಿನ `x` ಬರೆದಿಟ್ಟುಕೊಳ್ಳಿ. ಅದರ ಜೊತೆಗಾರ `x ^ best`. ನಮ್ಮ ಅರೇಯಲ್ಲಿ 14 ^ 29 ಮಾಡಿದರೆ 19 ಸಿಗುತ್ತದೆ.