ಚಾಂಗಿಯಲ್ಲಿ ಇಳಿಯುವ ಮೊದಲು: ಸಿಂಗಾಪುರದ ಅರೈವಲ್ ಕಾರ್ಡು ಮತ್ತು ತಾನಾಗಿ ತೆರೆಯುವ ಗೇಟು

ಬದಿಯಡ್ಕದಿಂದಲೋ ಮಂಜೇಶ್ವರದಿಂದಲೋ ಮಗನ ಮನೆಗೆಂದು ಸಿಂಗಾಪುರಕ್ಕೆ ಹೊರಡುವ ಅಪ್ಪ ಅಮ್ಮಂದಿರಿಗೆ ವೀಸಾ ಬಂದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಅದು SG Arrival Card. ವಿಮಾನದಲ್ಲಿ ಹಂಚುತ್ತಿದ್ದ ಕಾಗದದ ಚೀಟಿ ಈಗ ಇಲ್ಲ. ಅಲ್ಲಿನ ವಲಸೆ ಇಲಾಖೆಯ ತಾಣದಲ್ಲಿ (eservices.ica.gov.sg/sgarrivalcard) ಅಥವಾ MyICA Mobile ಆ್ಯಪ್‌ನಲ್ಲಿ ತುಂಬಬೇಕು. ಇದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ತಾಣ ತೆರೆದುಕೊಂಡರೆ ಅದು ಬೇರೆಯವರದ್ದು, ಮುಚ್ಚಿಬಿಡಿ. ಈ ಕಾರ್ಡು ವೀಸಾ ಅಲ್ಲ, ವೀಸಾದ ಬದಲಿಗೆ ನಡೆಯುವುದೂ ಇಲ್ಲ.

ಮೊದಲ ಎಡವಟ್ಟು ದಿನದ ಲೆಕ್ಕದಲ್ಲಿ. ಇಳಿಯುವ ದಿನವೂ ಸೇರಿ ಮೂರು ದಿನದೊಳಗೆ ತುಂಬಬೇಕು. 14ರ ರಾತ್ರಿ ಹೊರಟ ವಿಮಾನ 15ರ ಬೆಳಗ್ಗೆ ಇಳಿಯುತ್ತದೆ ಎನ್ನಿ. ಕಾರ್ಡಿನಲ್ಲಿ ಬರೆಯುವ ತಾರೀಕು 15. ತುಂಬಲು ಸಾಧ್ಯವಾಗುವ ಮೊದಲ ದಿನ 13. ಟಿಕೆಟ್ಟಿನಲ್ಲಿ ದೊಡ್ಡದಾಗಿ ಕಾಣುವ 14ನ್ನು ಹಾಕಿದರೆ ಕಾರ್ಡು ಒಂದು ದಿನದ್ದು, ನೀವು ಇಳಿಯುವುದು ಇನ್ನೊಂದು ದಿನ. ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ ಎಂಬುದನ್ನೂ ನೆನಪಿಡಿ.

ಎರಡನೆಯದು ಹೆಸರು. ನಮ್ಮ ಕಡೆ ಶಾಲೆಯ ದಾಖಲೆಯಲ್ಲಿ ಒಂದಕ್ಷರದ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಮನೆಹೆಸರು, ಆಧಾರಿನಲ್ಲಿ ಮತ್ತೊಂದು ಎಂಬುದು ಮಾಮೂಲು. ಕಾರ್ಡಿಗೆ ಬೇಕಾದದ್ದು ಪಾಸ್‌ಪೋರ್ಟಿನ ಹೆಸರು ಮಾತ್ರ, ಅಕ್ಷರ ಬಿಡದೆ. ಪಾಸ್‌ಪೋರ್ಟ್ ನಂಬರಿನಲ್ಲಿ ಅಕ್ಷರ ಬರುವುದು ಶುರುವಿನಲ್ಲಿ, ಉಳಿದದ್ದೆಲ್ಲ ಅಂಕೆ. ಹಾಗಾಗಿ ನಡುವೆ ದುಂಡಗೆ ಕಂಡದ್ದು ಸೊನ್ನೆಯೇ, O ಅಲ್ಲ.

ವಿಳಾಸದ ಜಾಗದಲ್ಲಿ ಆರಂಕಿಯ ಪೋಸ್ಟಲ್ ಕೋಡ್ ಬೇಕು. ಮಗನಿಂದ ಬ್ಲಾಕ್ ನಂಬರ್, ಮನೆ ನಂಬರ್, ಕೋಡ್ ಮೂರನ್ನೂ ಬರೆಸಿಕೊಳ್ಳಿ. #08-123 ಎಂದಿದ್ದರೆ ಎಂಟನೇ ಮಾಳಿಗೆಯ ಮನೆ. ಇಮೇಲ್ ಸಾಲನ್ನು ಎರಡು ಸಲ ಓದಿ. ಅಮ್ಮನಿಗೆ ಇಮೇಲ್ ಇಲ್ಲದಿದ್ದರೆ ಮಗನದ್ದೇ ಆಗಬಹುದು, ಆದರೆ ದಿನಾ ನೋಡುವಂಥದ್ದಾಗಿರಲಿ. ಕಾರಣ ಮುಂದೆ ಬರುತ್ತದೆ.

ಇಳಿದ ಮೇಲೆ ವಲಸೆ ತಪಾಸಣೆಯ ತಾನಾಗಿ ತೆರೆಯುವ ಗೇಟು. ಮೊದಲೇ ಹೆಸರು ನೋಂದಾಯಿಸದೆ ವಿದೇಶಿಯರೂ ಈ ಸಾಲಿನಲ್ಲಿ ಹೋಗಬಹುದು, ಮಕ್ಕಳಿಗಾದರೆ ಆರು ವರ್ಷ ತುಂಬಿರಬೇಕು. ಪಾಸ್‌ಪೋರ್ಟಿನ ಚರ್ಮದ ಕವರ್ ತೆಗೆಯಿರಿ. ಫೋಟೊ ಇರುವ ಪುಟವನ್ನು ಕವುಚಿ, ಗಾಜಿಗೆ ಒತ್ತಿ ಹಿಡಿಯಿರಿ. ಯಂತ್ರ ಓದುವುದು ಪುಟದ ಅಡಿಯ ಎರಡು ಸಾಲುಗಳನ್ನು, ಅದು ಒಂದಿಷ್ಟು ಎದ್ದರೂ ಓದಲಾರದು. ಮೊದಲ ಬಾಗಿಲು ತೆರೆದಾಗ ಒಬ್ಬರೇ ಒಳಗೆ ಹೋಗಬೇಕು. ಕನ್ನಡಕ, ಟೊಪ್ಪಿ, ಮಾಸ್ಕ್ ತೆಗೆದು ಕ್ಯಾಮರಾವನ್ನೇ ನೋಡಬೇಕು. ಮುಖವನ್ನೂ ಕಣ್ಣಿನ ಪಾಪೆಯನ್ನೂ ಅದು ತೆಗೆದುಕೊಳ್ಳುತ್ತದೆ. ಬೆರಳಚ್ಚು ಕೇಳಿದರೆ ಕೊಡಬೇಕು.

ಬೆರಳಚ್ಚಿನಲ್ಲಿ ಸೋಲುವವರು ನಮ್ಮಲ್ಲಿ ಕಡಿಮೆಯಿಲ್ಲ. ವರ್ಷಗಟ್ಟಲೆ ಅಡಿಕೆ ಸುಲಿದ ಕೈಯಲ್ಲಿ ಗೆರೆ ಸವೆದಿರುತ್ತದೆ. ಒಣಗಿದ ಬೆರಳನ್ನು ಯಂತ್ರ ಗುರುತಿಸದು, ತೀರಾ ಒದ್ದೆಯಾದದ್ದನ್ನೂ ಗುರುತಿಸದು. ಬೆರಳಿಗೆ ಚೂರು ಕ್ರೀಮ್ ಸವರಿ ಒರೆಸಿಕೊಂಡು ಸಮನಾಗಿ ಒತ್ತಿದರೆ ಕೆಲವೊಮ್ಮೆ ಆಗುತ್ತದೆ. ಆಗದಿದ್ದರೆ ಅಧಿಕಾರಿ ಇರುವ ಕೌಂಟರಿಗೆ ಕಳುಹಿಸುತ್ತಾರೆ. ಅದು ತಪ್ಪಿಗೆ ಸಿಕ್ಕಿಬಿದ್ದಂತಲ್ಲ.

ಅಲ್ಲಿ ಕೇಳುವುದು ಮೂರು ನಾಲ್ಕು ಮಾತು: ಯಾಕೆ ಬಂದಿರಿ, ಎಷ್ಟು ದಿನ, ಎಲ್ಲಿ ಉಳಿಯುತ್ತೀರಿ, ಮರಳುವ ಟಿಕೆಟ್ ಇದೆಯೇ. “ವಿಸಿಟಿಂಗ್ ಸನ್, ಟ್ವೆಂಟಿ ಡೇಸ್” ಎಂದರೆ ಸಾಕು. ಹೇಳುವ ದಿನ ಟಿಕೆಟ್ಟಿಗೂ ಕಾರ್ಡಿಗೂ ಹೊಂದಬೇಕು. “ಮೊಮ್ಮಗುವನ್ನು ನೋಡಿಕೊಳ್ಳಲು ಬಂದೆ” ಎಂಬ ಮಾತು ನಮಗೆ ಸಹಜ, ಆದರೆ ಕೇಳುವವರಿಗೆ ಅದು ಕೆಲಸಕ್ಕೆ ಬಂದಂತೆ ತೋರಬಹುದು. ಮಗನನ್ನು ನೋಡಲು ಬಂದದ್ದು ನಿಜವೇ ಆದ್ದರಿಂದ ಅಷ್ಟನ್ನೇ ಹೇಳಿ. ವಿಳಾಸ, ಮಗನ ಫೋನ್ ನಂಬರ್, ಟಿಕೆಟ್ ಇವನ್ನು ಕಾಗದದಲ್ಲೇ ಇಟ್ಟುಕೊಳ್ಳಿ, ಮೊಬೈಲ್ ಚಾರ್ಜ್ ಕೈಕೊಡುವುದುಂಟು. ಎಲೆಯಡಿಕೆಯ ಸಂಚಿಯಲ್ಲಿ ಹೊಗೆಸೊಪ್ಪು ಇದ್ದರೆ ಮನೆಯಲ್ಲೇ ಬಿಡಿ. ಅಗಿಯುವ ಹೊಗೆಸೊಪ್ಪು ಅಲ್ಲಿ ನಿಷಿದ್ಧ.

ಒಳಗೆ ಬಿಟ್ಟ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಬದಲಿಗೆ ಕಾರ್ಡಿನಲ್ಲಿ ಕೊಟ್ಟ ಇಮೇಲಿಗೆ ಇ-ಪಾಸ್ ಬರುತ್ತದೆ, ಎಷ್ಟು ದಿನ ಉಳಿಯಬಹುದು, ಕೊನೆಯ ದಿನ ಯಾವುದು ಎಂಬುದು ಅದರಲ್ಲಿರುತ್ತದೆ. ವೀಸಾ ಎಷ್ಟೇ ಉದ್ದದ್ದಿರಲಿ, ಲೆಕ್ಕಕ್ಕೆ ಬರುವುದು ಈ ತಾರೀಕು. ಇಮೇಲಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಈ ಪತ್ರ ಕೈಗೆ ಸಿಗದು, ಆಗ ಇಲಾಖೆಯ ತಾಣದಲ್ಲೇ ಹುಡುಕಿ ನೋಡಬೇಕು. ಮನೆ ಮುಟ್ಟಿದ ದಿನವೇ ಮಗ ಇ-ಪಾಸ್ ತೆರೆದು, ಆ ತಾರೀಕು ಮರಳುವ ಟಿಕೆಟ್ಟಿನ ದಿನಕ್ಕಿಂತ ಮೊದಲು ಬಿದ್ದಿಲ್ಲವೇ ಎಂದು ನೋಡಲಿ.