ಒಂದೇ ಅಂಕ ನಾಲ್ಕು ಸಲ ಬಂದಾಗ ಮಧ್ಯಾಂಕ ತಪ್ಪಿದ್ದೆಲ್ಲಿ?

ಮಗಳ ಲೆಕ್ಕದಲ್ಲಿ ಹತ್ತು ಮಕ್ಕಳ ಅಂಕಗಳಿದ್ದವು: 18, 12, 15, 18, 20, 15, 9, 18, 22, 18. ಮಧ್ಯಾಂಕ ಬೇಕಿತ್ತು. ನಾನು ಏರಿಕೆ ಕ್ರಮದಲ್ಲಿ 9, 12, 15, 18, 20, 22 ಎಂದು ಬರೆದೆ. ಮಧ್ಯದ ಎರಡು 15 ಮತ್ತು 18. ಕೂಡಿಸಿ ಅರ್ಧ ಮಾಡಿದರೆ 16.5. ಪುಸ್ತಕದ ಉತ್ತರ ಮಾತ್ರ 18.

ಸುಮ್ನೆ ಎಣಿಸಿ ನೋಡಿದೆ. 16.5ಕ್ಕಿಂತ ಕಡಿಮೆ ಪಡೆದವರು ನಾಲ್ವರು, ಜಾಸ್ತಿ ಪಡೆದವರು ಆರು ಜನ. ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಕಡೆ ಇದ್ದರೆ ಅದು ಮಧ್ಯ ಆಗೋದಿಲ್ಲ, ಅಲ್ವಾ? ಆಗ ತಪ್ಪು ಕಾಣಿಸಿತು. ಮತ್ತೆ ಮತ್ತೆ ಬಂದ ಅಂಕವನ್ನು ಒಂದೇ ಸಲ ಬರೆದಿದ್ದೆ. ನಾಲ್ಕು 18 ಅಂದರೆ ನಾಲ್ಕು ಮಕ್ಕಳು. ಪ್ರತಿಯೊಬ್ಬರಿಗೂ ಸಾಲಿನಲ್ಲಿ ಒಂದು ಜಾಗ ಬೇಕು.

ಮತ್ತೆ ಪೂರ್ತಿ ಬರೆದೆ: 9, 12, 15, 15, 18, 18, 18, 18, 20, 22. ಒಟ್ಟು ಹತ್ತು ಇವೆಯೇ ಎಂದು ಮೊದಲು ಎಣಿಸಿಕೊಂಡೆ. ಹತ್ತು ಸಮ ಸಂಖ್ಯೆ, ಹಾಗಾಗಿ ನಡುವೆ ಒಬ್ಬರೇ ನಿಲ್ಲುವುದಿಲ್ಲ. 5ನೇ ಮತ್ತು 6ನೇ ಜಾಗ ಎರಡನ್ನೂ ನೋಡಬೇಕು. ಎರಡರಲ್ಲೂ 18 ಇದೆ. (18 + 18) ÷ 2 = 18.

ಮಗಳು ಒಂದು 18ನ್ನು 15 ಮಾಡಿ ನೋಡಿದಳು. ಆಗ 5ನೆಯದು 15, 6ನೆಯದು 18. ಮಧ್ಯಾಂಕ 16.5. ಯಾರೂ ಪಡೆಯದ ಅಂಕ, ಆದರೂ ಈ ಸಲ ಸರಿ. ಕೆಳಗೆ ಐವರು, ಮೇಲೆ ಐವರು.